ಸಾಲಿನ ನಡುವೆ ಒಂದು ನಿಲುಗಡೆ

(ಮಠದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ಸಾಹಿತ್ಯ ಓದಿದವನಲ್ಲ. ಸರ್ಕಾರದ ಕೆಲಸದಲ್ಲಿ ಇಂಜಿನಿಯರ್ ಆಗಿ ಕಾಲುವೆ, ಸೇತುವೆ, ಲೆಕ್ಕಪತ್ರಗಳಲ್ಲಿ ಆಯುಷ್ಯ ಕಳೆದವನು. ನಿವೃತ್ತಿಯಾದ ಮೇಲೆ ಷಟ್ಪದಿ ಬರೆಯುವ ಹುಚ್ಚು ಹಿಡಿಯಿತು. ಮಾತ್ರೆ ಎಣಿಸುವುದು ನನ್ನಂಥವನಿಗೆ ಕಷ್ಟವಲ್ಲ. ಆದರೆ ಎಣಿಕೆ ಸರಿಯಾದ ಮಾತ್ರಕ್ಕೆ ಪದ್ಯ ಆಗುವುದಿಲ್ಲ ಎಂಬುದನ್ನು ಕಲಿಯಲು ಒಂದು ಪೆಟ್ಟು ಬೀಳಬೇಕಾಯಿತು. ಆ ಪೆಟ್ಟಿನಿಂದ ನನಗೆ ತಿಳಿದ ಒಂದೇ ಒಂದು ವಿಷಯವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಅದು ಸಾಲಿನ ಕೊನೆಯಲ್ಲಿ ಅಲ್ಲ, ಸಾಲಿನ ಒಳಗೆ ನಿಲ್ಲುವುದು ಹೇಗೆ, ಹಾಗೆ ನಿಂತರೆ ಪದ್ಯದಲ್ಲಿ ಬಿಗಿ ಯಾಕೆ ಬರುತ್ತದೆ ಎಂಬುದು.

ನಮ್ಮ ಅವ್ವ ತೀರಿಕೊಂಡ ವರ್ಷದ ಸ್ಮರಣೆಗೆ ನಾನೊಂದು ಭಾಮಿನಿ ಷಟ್ಪದಿ ಬರೆದಿದ್ದೆ. ನಮ್ಮೂರಿನಲ್ಲಿ ಗಮಕ ಓದುವ ಹಿರಿಯ ಮೇಷ್ಟ್ರು ಒಬ್ಬರಿದ್ದಾರೆ. ಅದನ್ನು ಅವರಿಗೆ ಕೊಟ್ಟು, ಮನೆಯವರ ಮುಂದೆ ಓದಿಸಿದೆ. ಅದರ ಮೊದಲ ಮೂರು ಸಾಲು ಹೀಗಿದ್ದವು:

ಒಲೆಯು ಹೊತ್ತಿತು, ಹಾಲು ಕಾಯಿತು,
ಹೊಲಕೆ ಹೊರಟಿದ್ದಣ್ಣ ನಿಂತನು,
ಮಲಗಿದವ್ವನ ಕೂಗಿ ಕರೆದೆವು, ಕಣ್ಣು ಬಿಡಲಿಲ್ಲ.

ಮೇಷ್ಟ್ರು ಚೆನ್ನಾಗಿಯೇ ಓದಿದರು. ಯಾರೂ ಏನೂ ಅನ್ನಲಿಲ್ಲ. ನನ್ನ ಅಕ್ಕ, ಆ ಬೆಳಿಗ್ಗೆ ಅವ್ವನ ಪಕ್ಕದಲ್ಲೇ ಇದ್ದವಳು, "ಚಲೋ ಐತಪ್ಪಾ" ಎಂದು ಎದ್ದು ಒಳಗೆ ಹೋದಳು. ಅವಳ ಕಣ್ಣು ಒದ್ದೆಯಾಗಿರಲಿಲ್ಲ. ನನ್ನ ಕಣ್ಣೂ ಒದ್ದೆಯಾಗಿರಲಿಲ್ಲ. ಅವ್ವ ಹೋದ ಸುದ್ದಿಯನ್ನು ನಾನು ಪಂಚಾಯಿತಿಯ ವರದಿಯಂತೆ ಬರೆದಿದ್ದೆ.

ಎಲ್ಲರೂ ಹೋದ ಮೇಲೆ ಮೇಷ್ಟ್ರನ್ನು ಕೇಳಿದೆ. ಅವರು ಅಂದದ್ದು ಇಷ್ಟೇ: "ಸಾಹೇಬ್ರ, ಲೆಕ್ಕ ಸರಿ ಐತ್ರಿ. ಪ್ರಾಸಾನೂ ಸರಿ ಐತಿ. ಆದ್ರ ನೀವು ಎಲ್ಲಾ ಕಡೆ ನಿಲ್ಲೋ ಜಾಗದಾಗ ನಿಂತೀರಿ. ಎಲ್ಲಿ ನಿಲ್ಲಬಾರದೋ ಅಲ್ಲಿ ಒಮ್ಮೆ ನಿಂದರ್ರಿ."

ಈ ಮಾತನ್ನು ಬಿಡಿಸಲು ನನಗೆ ವಾರ ಹಿಡಿಯಿತು. ನಿಮಗೂ ಬಿಡಿಸಿ ಹೇಳುತ್ತೇನೆ.

ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ಸಂಗತಿಯಿಂದಲೇ ತೊಡಗೋಣ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಭಾಮಿನಿಯ ಗಿಡ್ಡ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಒಟ್ಟು 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಉದ್ದ: ಮೂರು ನಾಲ್ಕು ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು. ಅಲ್ಲಿಗೆ 23. ಕುಮಾರವ್ಯಾಸನ ಭಾರತವೂ ಚಾಮರಸನ ಪ್ರಭುಲಿಂಗಲೀಲೆಯೂ ಇದೇ ಅಳತೆಯಲ್ಲಿ ನಡೆಯುತ್ತವೆ.

ಇದರಲ್ಲಿ ಕಿವಿಗೆ ಕೇಳುವ ಘಟಕ ಮೂರೂ ಅಲ್ಲ, ನಾಲ್ಕೂ ಅಲ್ಲ. ಎರಡೂ ಸೇರಿದ ಏಳು. "ಒಲೆಯು" ಎಂಬ ಮೂರು ಮಾತ್ರೆ ಒಂದು ಹೆಜ್ಜೆ ಎತ್ತುತ್ತದೆ, "ಹೊತ್ತಿತು" ಎಂಬ ನಾಲ್ಕು ಮಾತ್ರೆ ಆ ಹೆಜ್ಜೆಯನ್ನು ಊರುತ್ತದೆ. ಎತ್ತುವುದು, ಊರುವುದು, ಎತ್ತುವುದು, ಊರುವುದು. ನಾಲ್ಕಾರು ಸಾಲು ಕೇಳಿದ ಮೇಲೆ, ಛಂದಸ್ಸು ಎಂಬ ಶಬ್ದ ಕೇಳದ ಅಜ್ಜಿಯ ತಲೆಯೂ ಇದಕ್ಕೆ ಸರಿಯಾಗಿ ತೂಗುತ್ತದೆ.

ಈಗ ನನ್ನ ಸಾಲುಗಳನ್ನು ನೋಡಿ. ಮೊದಲ ಸಾಲಿನಲ್ಲಿ ಅರ್ಥ ನಿಂತದ್ದು ಏಳನೆಯ ಮಾತ್ರೆಗೆ, "ಹೊತ್ತಿತು" ಆದಮೇಲೆ. ಎರಡನೆಯ ಸಾಲಿನಲ್ಲಿ ನಿಂತದ್ದು ಸಾಲಿನ ಕೊನೆಗೆ, 14ಕ್ಕೆ. ಮೂರನೆಯದರಲ್ಲಿ "ಕರೆದೆವು" ಆದಮೇಲೆ, ಅದೂ 14ಕ್ಕೆ. ಎಲ್ಲ ಕಡೆಯೂ ಕಾಲು ಊರಿದ ಮೇಲೆಯೇ ನಿಂತಿದ್ದೇನೆ. ಲಯಕ್ಕೂ ಅರ್ಥಕ್ಕೂ ಎಲ್ಲೂ ಜಗಳವಿಲ್ಲ. ಹಗ್ಗ ಬಿಗಿಯಾಗಬೇಕಾದರೆ ಎರಡು ತುದಿಯಲ್ಲಿ ಎರಡು ಬಲ ಎದುರುಬದುರು ಎಳೆಯಬೇಕು. ಎರಡೂ ಒಂದೇ ದಿಕ್ಕಿಗೆ ಹೋದರೆ ಹಗ್ಗ ಸಡಿಲವಾಗಿ ನೆಲಕ್ಕೆ ಬೀಳುತ್ತದೆ. ನನ್ನ ಪದ್ಯದಲ್ಲಿ ಆದದ್ದು ಅದು.

ವಾರದ ನಂತರ ಮೂರನೆಯ ಸಾಲನ್ನು ಹೀಗೆ ತಿದ್ದಿದೆ:

ಒಲೆಯು ಹೊತ್ತಿತು, ಹಾಲು ಕಾಯಿತು,
ಹೊಲಕೆ ಹೊರಟಿದ್ದಣ್ಣ ನಿಂತನು,
ಮಲಗಿದವ್ವನ ಕರೆದೆ. ಮತ್ತೂ ಕರೆದೆ. ದನಿಯಿಲ್ಲ.

ಮಾತ್ರೆ ಎಣಿಸಿ ನೋಡಿ. "ಮಲಗಿ" ಮೂರು, "ದವ್ವನ" ನಾಲ್ಕು, "ಕರೆದೆ" ಮೂರು. ಅಲ್ಲಿಗೆ ಹತ್ತು. ವಾಕ್ಯ ಅಲ್ಲಿ ಮುಗಿದೇ ಹೋಯಿತು. ಆದರೆ ಲಯ ಮುಗಿದಿಲ್ಲ. ಮೂರರ ಹೆಜ್ಜೆ ಎತ್ತಿಯಾಗಿದೆ, ಊರಬೇಕಾದ ನಾಲ್ಕು ಇನ್ನೂ ಬಂದಿಲ್ಲ. ಎತ್ತಿದ ಕಾಲು ಗಾಳಿಯಲ್ಲೇ ಇದೆ. ಆ ಹೊತ್ತಿನಲ್ಲಿ ಕೇಳುವವನು ಏನು ಮಾಡುತ್ತಾನೆ? ಕಾಯುತ್ತಾನೆ. ಅವ್ವ ಓಗೊಡುವಳೇನೋ ಎಂದು ನಾನು ಕಾದ ಹಾಗೆಯೇ ಕಾಯುತ್ತಾನೆ. ಆಮೇಲೆ "ಮತ್ತೂ" ಎಂಬ ನಾಲ್ಕು ಬಂದು ಕಾಲು ಊರಿತು. ಕೂಡಲೇ "ಕರೆದೆ" ಎಂಬ ಇನ್ನೊಂದು ಮೂರು ಬಂದು, 17ನೆಯ ಮಾತ್ರೆಗೆ ಮತ್ತೆ ಅದೇ ಸ್ಥಿತಿ, ಮತ್ತೆ ಕಾಲು ಮೇಲೆ. ಕೊನೆಗೆ "ದನಿಯಿಲ್" ಎಂಬ ನಾಲ್ಕು, "ಲ" ಎಂಬ ಒಂದು ಗುರು. ಸಾಲಿನ ಕೊನೆಯ ಅಕ್ಷರ ಹ್ರಸ್ವವಾದರೂ ಗುರು ಎಂದೇ ಲೆಕ್ಕ. ಅಳತೆ ಎಲ್ಲೂ ತಪ್ಪಿಲ್ಲ, 23 ಮಾತ್ರೆ ಪೂರ್ತಿ ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. "ನೀವು ನಿಲುಗಡೆ ಮಾತ್ರ ಬದಲಿಸಲಿಲ್ಲ, ಶಬ್ದಗಳನ್ನೂ ಬದಲಿಸಿದಿರಿ. ಪರಿಣಾಮ ಶಬ್ದದ್ದೋ ನಿಲುಗಡೆಯದ್ದೋ ಹೇಗೆ ಗೊತ್ತು?" ನ್ಯಾಯವಾದ ಪ್ರಶ್ನೆ. ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಾಗೆ ಮಾಡೋಣ:

ಮಲಗಿದವ್ವನ ಕರೆದು ಮತ್ತೂ ಕರೆದೆ, ದನಿಯಿಲ್ಲ.

"ಕರೆದೆ" ಇದ್ದದ್ದು "ಕರೆದು" ಆಯಿತು. ಬದಲಾದದ್ದು ಒಂದೇ ಸ್ವರ. ಮಾತ್ರೆ ಅಷ್ಟೇ, ಸುದ್ದಿಯೂ ಅದೇ. ಆದರೆ "ಕರೆದು" ಎಂದ ಕೂಡಲೇ ಕನ್ನಡದ ಕಿವಿಗೆ ಮುಂದೆ ಇನ್ನೊಂದು ಕ್ರಿಯೆ ಇದೆ ಎಂದು ಗೊತ್ತಾಗುತ್ತದೆ, ಅದು ನಿಲ್ಲದೆ ಮುಂದಕ್ಕೆ ಸಾಗುತ್ತದೆ. ಹತ್ತನೆಯ ಮಾತ್ರೆಯ ನಿಲುಗಡೆ ಮಾಯ. ಅದರ ಜೊತೆಗೆ ಆ ಕಾಯುವಿಕೆಯೂ ಮಾಯ. ಮೊದಲ ಸಲ ಕರೆದಾಗ ಅವ್ವ ಏಳಬಹುದಿತ್ತು ಎಂಬ ಆಸೆ "ಕರೆದೆ" ಎಂಬುದರಲ್ಲಿದೆ, "ಕರೆದು" ಎಂಬುದರಲ್ಲಿಲ್ಲ. ಎರಡನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ. ನಾನು ಹೇಳಿದ್ದನ್ನು ನಂಬುವುದು ಬೇಡ, ನಿಮ್ಮ ಕಿವಿಯನ್ನು ನಂಬಿ.

ಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಶಬ್ದ ಯತಿ. ಯತಿ ಎಂದರೆ ಪಾದದ ಒಳಗೆ ಉಸಿರಿಗಾಗಿ ನಿಲ್ಲುವ ಸ್ಥಳ. ಆದರೆ ಸಂಸ್ಕೃತದ ವೃತ್ತಗಳಲ್ಲಿ ಯತಿಯ ಸ್ಥಳ ಮೊದಲೇ ಗೊತ್ತುಮಾಡಿದ್ದು. ಕಾಳಿದಾಸನ ಮೇಘದೂತವಿರುವ ಮಂದಾಕ್ರಾಂತ ವೃತ್ತದಲ್ಲಿ ಪಾದಕ್ಕೆ 17 ಅಕ್ಷರ. ನಾಲ್ಕಕ್ಕೆ ಒಮ್ಮೆ, ಮುಂದಿನ ಆರಕ್ಕೆ ಒಮ್ಮೆ ನಿಂತು, ಉಳಿದ ಏಳನ್ನು ಹೇಳಬೇಕು. ಆ ಜಾಗದಲ್ಲಿ ಶಬ್ದ ತುಂಡಾದರೆ ಯತಿಭಂಗ ಎಂಬ ದೋಷ. ನಮ್ಮ ಹಳಗನ್ನಡದ ಕವಿಗಳು ಅದೇ ಬಗೆಯ ವೃತ್ತಗಳನ್ನು ತಂದುಕೊಂಡರೂ ಈ ಕಟ್ಟನ್ನು ಬಿಗಿಯಾಗಿ ಪಾಲಿಸಲಿಲ್ಲ. ಅವರು ಬಿಡದೆ ಹಿಡಿದದ್ದು ಎರಡನೆಯ ಅಕ್ಷರದ ಪ್ರಾಸವನ್ನು. ಯತಿಯನ್ನು ಮಾತಿನ ಓಟಕ್ಕೆ ಬಿಟ್ಟರು. ಇದನ್ನು ಸಡಿಲತನ ಎಂದು ತಿಳಿಯಬೇಡಿ. ಗೊತ್ತುಮಾಡಿದ ಜಾಗದಲ್ಲಿ ಪ್ರತಿ ಪಾದವೂ ನಿಂತರೆ ಆ ನಿಲುಗಡೆಯೂ ಲಯದ ಭಾಗವೇ ಆಗಿಬಿಡುತ್ತದೆ, ಅದರಲ್ಲಿ ಅಚ್ಚರಿ ಉಳಿಯುವುದಿಲ್ಲ. ಜಾಗ ಬಿಡುವಾಗಿದ್ದರೆ ಕವಿ ಅದನ್ನು ತನಗೆ ಬೇಕಾದಲ್ಲಿ ಇಡಬಹುದು. ನಾನು ಇವತ್ತು ಹೇಳುತ್ತಿರುವುದು ಆ ಬಿಡುವಿನ ನಿಲುಗಡೆಯ ಬಗ್ಗೆ.

ಒಂದು ಛಂದಸ್ಸಿನಲ್ಲಿ ಬಿಗಿ ಕೊಡುವ ಜಾಗ ಇನ್ನೊಂದರಲ್ಲಿ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ರಾಘವಾಂಕನ ಸಿದ್ಧರಾಮ ಚಾರಿತ್ರ್ಯ ಇರುವುದು ವಾರ್ಧಕ ಷಟ್ಪದಿಯಲ್ಲಿ. ಅಲ್ಲಿ ಗಿಡ್ಡ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಒಟ್ಟು 20. ಭಾಮಿನಿಯಂತೆ ಎತ್ತುವ ಗಣ, ಊರುವ ಗಣ ಎಂಬ ಭೇದ ಇಲ್ಲಿಲ್ಲ. ಪ್ರತಿ ಗಣವೂ ತನ್ನಷ್ಟಕ್ಕೆ ಊರಿಕೊಳ್ಳುತ್ತದೆ. ಆದ್ದರಿಂದ ಗಣ ಮುಗಿದಲ್ಲಿ ನಿಂತರೆ ಯಾರಿಗೂ ಏನೂ ಅನ್ನಿಸದು. ಇಲ್ಲಿ ಗಣದ ಹೊಟ್ಟೆಯೊಳಗೇ ನಿಲ್ಲಬೇಕು. ನಾನೇ ಕಟ್ಟಿದ ಒಂದು ಸಾಲು:

ಹಗಲೆಲ್ಲ ದುಡಿದವನು ಬಂದ. ಮನೆ ಬರಿದಿತ್ತು.

"ಹಗಲೆಲ್ಲ" ಐದು, "ದುಡಿದವನು" ಐದು. ಮೂರನೆಯ ಗಣ "ಬಂದ ಮನೆ". ಅದರೊಳಗೆ ಮೂರು ಮಾತ್ರೆಗೆ ವಾಕ್ಯ ನಿಂತಿತು, ಎರಡು ಮಾತ್ರೆ ಬಾಕಿ. ಆ ಬಾಕಿಯನ್ನು "ಮನೆ" ಎಂಬ ಶಬ್ದ ತುಂಬುತ್ತದೆ. ದುಡಿದು ಬಂದವನು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತದ್ದು ಕಿವಿಗೇ ಕೇಳಿಸುತ್ತದೆ. ಅಂದಮೇಲೆ ನಿಯಮ ಇಷ್ಟು: ನಿಮ್ಮ ಛಂದಸ್ಸಿನಲ್ಲಿ ಕಿವಿ ಎಲ್ಲಿ ನೆಮ್ಮದಿಯಾಗಿ ಕೂರುತ್ತದೆ ಎಂದು ಮೊದಲು ಕಂಡುಕೊಳ್ಳಿ. ನಿಲುಗಡೆಯನ್ನು ಅಲ್ಲಿಂದ ಸ್ವಲ್ಪ ಈಚೆಗೋ ಆಚೆಗೋ ಇಡಿ.

ಇಷ್ಟು ತಿಳಿದ ಮೇಲೆ ನಾನು ಹೊಸದಾಗಿ ಸೈಕಲ್ ಕಲಿತ ಹುಡುಗನಂತೆ ಎಲ್ಲ ಕಡೆ ಬೆಲ್ ಹೊಡೆಯತೊಡಗಿದೆ. "ಒಲೆಯು. ಹೊತ್ತಿತು. ಹಾಲು. ಕಾಯಿತು." ಎಂಬ ಹಾಗೆ ಪ್ರತಿ ಶಬ್ದಕ್ಕೂ ನಿಲ್ಲಿಸಿ ಬರೆದೆ. ಮೇಷ್ಟ್ರು ನೋಡಿ ನಕ್ಕರು. "ಇದು ಪದ್ಯ ಅಲ್ರಿ ಸಾಹೇಬ್ರ, ಬಿಕ್ಕಳಿಕೆ" ಅಂದರು. ಸಾಲು ಓಡದಿದ್ದರೆ ಅದನ್ನು ನಿಲ್ಲಿಸುವುದಕ್ಕೆ ಅರ್ಥವಿಲ್ಲ. ಮೊದಲೆರಡು ಸಾಲು ನೆಟ್ಟಗೆ, ಊರುವ ಜಾಗದಲ್ಲೇ ಊರುತ್ತಾ ನಡೆದದ್ದರಿಂದಲೇ ಮೂರನೆಯ ಸಾಲು ತಡೆದು ನಿಂತದ್ದು ಕೇಳಿಸಿತು. ಆರು ಸಾಲಿನಲ್ಲಿ ಇಂಥ ತಡೆ ಒಂದೆಡೆ ಸಾಕು, ಹೆಚ್ಚೆಂದರೆ ಎರಡೆಡೆ.

ಓದುವವರಿಗೂ ಒಂದು ಮಾತು. ನಿಲ್ಲುವುದು ಎಷ್ಟು ಹೊತ್ತು? ಬೆರಳಿನ ಮೇಲೆ ಮಾತ್ರೆ ಎಣಿಸುತ್ತಾ ಓದಿ. ನಿಂತಾಗ ಎಣಿಕೆ ನೆನಪಿನಲ್ಲಿ ಉಳಿಯುವಷ್ಟು ಹೊತ್ತು ನಿಲ್ಲಬಹುದು. ಎಲ್ಲಿದ್ದೆ ಎಂದು ಮರೆತುಹೋಗುವಷ್ಟು ನಿಂತರೆ ಹಗ್ಗದ ಒಂದು ತುದಿ ಕೈಬಿಟ್ಟ ಹಾಗೆ. ಆಮೇಲೆ ಬರುವ ಶಬ್ದ ಹೊಸ ಸಾಲಿನಂತೆ ಕೇಳುತ್ತದೆ, ಬಾಕಿ ತೀರಿದಂತೆ ಕೇಳುವುದಿಲ್ಲ. ಗಮಕದಲ್ಲಿ ತಾಳದ ಕಟ್ಟು ಇಲ್ಲದ್ದರಿಂದ ಈ ಬಿಡುವು ಸಿಗುತ್ತದೆ. ಅದೇ ಪದ್ಯವನ್ನು ತಾಳಕ್ಕೆ ಕೂರಿಸಿ ಭಜನೆಯಂತೆ ಹಾಡಿದರೆ ಹತ್ತನೆಯ ಮಾತ್ರೆಯ ನಿಲುಗಡೆ ತಾಳದ ಕೆಳಗೆ ಮುಚ್ಚಿಹೋಗುತ್ತದೆ.

ಇನ್ನು ಅಳತೆಯೇ ಇಲ್ಲದ ಬರಹಕ್ಕೆ ಬರೋಣ. ಮಾತ್ರೆ ಇಲ್ಲ, ಗಣ ಇಲ್ಲ. ಹಾಗಾದರೆ ಹಗ್ಗದ ಇನ್ನೊಂದು ತುದಿಯನ್ನು ಹಿಡಿಯುವವರು ಯಾರು? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಉತ್ತರ ಸಿಕ್ಕಿದ್ದು ಅವ್ವನ ವಿಷಯದಲ್ಲೇ, ಷಟ್ಪದಿ ಬಿಟ್ಟು ಸುಮ್ಮನೆ ಬರೆದುಕೊಂಡ ಮೂರು ಸಾಲಿನಲ್ಲಿ:

ಅವ್ವ ಊಟಕ್ಕೆ ಕರೆದಳು, ಹೋಗಲಿಲ್ಲ.
ಅವ್ವ ಹಬ್ಬಕ್ಕೆ ಕರೆದಳು, ಹೋಗಲಿಲ್ಲ.
ಅವ್ವ ಕರೆಯಲಿಲ್ಲ, ಹೋದೆ.

ನೌಕರಿಯ ದಿನಗಳಲ್ಲಿ ಊರಿಗೆ ಹೋಗದೆ ಉಳಿದ ಮಗನೊಬ್ಬನ ಲೆಕ್ಕ ಇದು. ಅಳತೆ ಇಲ್ಲ ಎಂದೆನಲ್ಲ, ಆದರೂ ಎಣಿಸಿ ನೋಡಿ. ಮೊದಲ ಸಾಲಿನಲ್ಲಿ ನಿಲುಗಡೆಗೆ ಮುಂಚೆ ಒಂಬತ್ತು ಅಕ್ಷರ, ಆಮೇಲೆ ನಾಲ್ಕು. ಎರಡನೆಯದರಲ್ಲೂ ಒಂಬತ್ತು, ನಾಲ್ಕು. ಎರಡು ಸಾಲು ಒಂದೇ ಅಚ್ಚಿನಲ್ಲಿ ಬಂದದ್ದರಿಂದ ಕೇಳುವವನ ಮನಸ್ಸಿನಲ್ಲಿ ಒಂದು ಅಳತೆ ಹುಟ್ಟಿಕೊಂಡಿತು. ಮೂರನೆಯ ಸಾಲಿಗೂ ಅವನು ಅದನ್ನೇ ಹಿಡಿದು ಕೂತಿದ್ದಾನೆ. ಅಲ್ಲಿ "ಇಲ್ಲ" ಎಂಬುದು ನಿಲುಗಡೆಯ ಆಚೆಯಿಂದ ಈಚೆಗೆ ಬಂತು. ನಿಲುಗಡೆಗೆ ಮುಂಚೆ ಏಳೇ ಅಕ್ಷರ, ಆಮೇಲೆ ಬರೀ ಎರಡು. ಅವ್ವ ಯಾಕೆ ಕರೆಯಲಿಲ್ಲ ಎಂದು ಹೊಳೆಯುವುದು ಆ ಅಲ್ಪವಿರಾಮದಲ್ಲಿ. "ಹೋದೆ" ಎಂದು ಕೇಳುವ ಹೊತ್ತಿಗೆ ಕೇಳುವವನು ಆಗಲೇ ನಮ್ಮ ಮನೆಯ ಅಂಗಳದಲ್ಲಿ ನಿಂತಿರುತ್ತಾನೆ.

ಅಳತೆಯಿಲ್ಲದ ಬರಹದಲ್ಲಿ ಲಯದ ಕೆಲಸವನ್ನು ಪುನರಾವರ್ತನೆ ಮಾಡುತ್ತದೆ. ಮೊದಲು ಒಂದೇ ಬಗೆಯ ವಾಕ್ಯವನ್ನು ಎರಡು ಸಲ ಕಟ್ಟಬೇಕು, ಆಮೇಲೆ ನಿಲುಗಡೆಯನ್ನು ಅಲುಗಿಸಬೇಕು. ಮೂರನೆಯ ಸಾಲನ್ನು "ಅವ್ವ ಕರೆಯದಿದ್ದಾಗ ಹೋದೆ" ಎಂದು ಬರೆದು ನೋಡಿ. ಸುದ್ದಿ ಅದೇ, ನಿಲುಗಡೆ ಇಲ್ಲ, ಏನೂ ತಟ್ಟುವುದಿಲ್ಲ. ಇನ್ನು ಕೆಲವರು ಮಾಡುವಂತೆ "ಹೋದೆ" ಎಂಬುದನ್ನು ಕೆಳಗಿನ ಸಾಲಿಗೆ ಇಳಿಸಿ ಬರೆದು ನೋಡಿ. ಆಗಲೂ ಬಿಗಿ ಕಡಿಮೆಯಾಗುತ್ತದೆ. ಸಾಲಿನ ಕೊನೆಯಲ್ಲಿ ಎಲ್ಲರೂ ನಿಲ್ಲುವವರೇ. ಕಣ್ಣೂ ನಿಂತಿತು, ಅರ್ಥವೂ ನಿಂತಿತು, ಇಬ್ಬರಿಗೂ ಒಪ್ಪಿಗೆ. ಸಾಲಿನ ಒಳಗೆ ನಿಂತಾಗ ಮಾತ್ರ ಅರ್ಥ "ನಿಲ್ಲು" ಅನ್ನುತ್ತದೆ, ಸಾಲು "ನಡೆ" ಅನ್ನುತ್ತದೆ.

ಕನ್ನಡಕ್ಕೆ ಇದರಲ್ಲೊಂದು ಅನುಕೂಲ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದು ಆ ಕ್ರಿಯಾಪದದ ಬಾಲದಲ್ಲಿರುತ್ತದೆ. "ಹಸಿದು ಬಂದವನನ್ನು ಒಳಗೆ ಕರೆದು, ಉಣ್ಣಲಿಕ್ಕೆ" ಎಂದು ಹೇಳಿ ಒಂದು ಕ್ಷಣ ನಿಂತರೆ, ಮುಂದೆ "ಕೊಟ್ಟೆ" ಬರುತ್ತದೋ "ಕೊಡಲಿಲ್ಲ" ಬರುತ್ತದೋ ಯಾರಿಗೂ ಗೊತ್ತಿಲ್ಲ. ಇಡೀ ವಾಕ್ಯದ ನ್ಯಾಯ ಆ ಒಂದು ಉಸಿರಿನ ಆಚೆಗಿದೆ.

ಆದರೆ ನಿಲ್ಲಬಾರದ ಕಡೆಯೂ ಇದೆ. "ಮನೆಯ" ಎಂದು ನಿಂತು "ಬಾಗಿಲು" ಎನ್ನಬಾರದು. "ಹಸಿದ" ಎಂದು ನಿಂತು "ಮಗು" ಎನ್ನಬಾರದು. ಒಂದು ಶಬ್ದ ಇನ್ನೊಂದರ ಕೈ ಹಿಡಿದು ಬರುವಲ್ಲಿ ನಿಂತರೆ ಕೇಳುವವನಿಗೆ ಬಿಗಿ ಅನ್ನಿಸದು, ಓದುವವನು ಮುಂದಿನ ಶಬ್ದ ಮರೆತ ಅನ್ನಿಸುತ್ತದೆ. ಇದನ್ನು ಕಂಡುಹಿಡಿಯಲು ಸುಲಭದ ದಾರಿ ಇದೆ. ಆ ವಾಕ್ಯವನ್ನು ಪಕ್ಕದ ಮನೆಯವರಿಗೆ ಸುದ್ದಿ ಹೇಳುವಂತೆ ಹೇಳಿ. ಮಾತಿನಲ್ಲಿ ಎಲ್ಲಿ ಉಸಿರು ಎಳೆಯಲು ಸಾಧ್ಯವೋ ಅಲ್ಲಿ ಪದ್ಯದಲ್ಲೂ ನಿಲ್ಲಬಹುದು. ಎಲ್ಲಿ ಸಾಧ್ಯವಿಲ್ಲವೋ ಅಲ್ಲಿ ಅಲ್ಪವಿರಾಮ ಹಾಕಿದರೂ ಅದು ಸುಳ್ಳು ನಿಲುಗಡೆ.

ಇದು ನಮ್ಮ ಗೋಷ್ಠಿಗೆ ಯಾಕೆ ಸಂಬಂಧಿಸಿದ್ದು ಎಂದು ಹೇಳಿ ಮುಗಿಸುತ್ತೇನೆ. ನಾವು ಪ್ರತಿ ದಿನ ವಚನ ಓದುತ್ತೇವೆ. ಪುಸ್ತಕದಲ್ಲಿ ಅವು ಸಾಲು ಸಾಲಾಗಿ, ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನೆಯ ಚಿಹ್ನೆ ಎಲ್ಲ ಹಾಕಿಕೊಂಡು ಕಾಣುತ್ತವೆ. ಆದರೆ ತಾಳೆಗರಿಯಲ್ಲಿ ಅವು ಹೀಗಿರಲಿಲ್ಲ. ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಗದ್ಯದಂತೆ ಎಡೆಬಿಡದೆ ಬರೆದಿರುತ್ತಿದ್ದರು. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ 1923ರಲ್ಲಿ ಅಚ್ಚಾಯಿತು. ಅವರೂ ಅವರ ನಂತರದ ಸಂಪಾದಕರೂ ಕಣ್ಣು ಸವೆಸಿ ಓದಿ, ಸಾಲು ಎಲ್ಲಿ ಮುರಿಯಬೇಕು, ಎಲ್ಲಿ ವಿರಾಮ ಹಾಕಬೇಕು ಎಂದು ತೀರ್ಮಾನ ಮಾಡಿದರು. ಅವರ ತೀರ್ಮಾನಕ್ಕೆ ನಾವು ಋಣಿಗಳು. ಆದರೆ ಅದು ವಿದ್ವಾಂಸರ ತೀರ್ಮಾನ, ಶರಣರ ಕೈಬರಹ ಅಲ್ಲ. ಆದ್ದರಿಂದಲೇ ಒಂದೇ ವಚನ ಎರಡು ಪುಸ್ತಕದಲ್ಲಿ ಬೇರೆ ಬೇರೆ ರೀತಿ ಮುರಿದು ಬಂದಿರುವುದನ್ನು ಕಾಣುತ್ತೇವೆ.

ಇದರಿಂದ ಅರ್ಥ ಎಷ್ಟು ಪಲ್ಲಟವಾಗಬಹುದು ಎಂಬುದಕ್ಕೆ ವಚನವನ್ನು ಮುಟ್ಟದೆ, ನಾನೇ ಮಾಡಿದ ಒಂದು ವಾಕ್ಯ ಕೊಡುತ್ತೇನೆ. ವಿರಾಮವಿಲ್ಲದೆ ಅದು ಹೀಗಿದೆ: ದಾನ ಮಾಡಿದ ಮನೆಯಲ್ಲಿ ಉಳಿಯಲಿಲ್ಲ. "ಮಾಡಿದ" ಆದಮೇಲೆ ನಿಲ್ಲಿ: ದಾನ ಮಾಡಿದ, ಮನೆಯಲ್ಲಿ ಉಳಿಯಲಿಲ್ಲ. ಇವನು ಇದ್ದದ್ದನ್ನು ಕೊಟ್ಟು ಮನೆ ಬಿಟ್ಟು ಹೊರಟವನು. ಈಗ "ಮನೆಯಲ್ಲಿ" ಆದಮೇಲೆ ನಿಲ್ಲಿ: ದಾನ ಮಾಡಿದ ಮನೆಯಲ್ಲಿ, ಉಳಿಯಲಿಲ್ಲ. ಇವನು ದಾನ ನಡೆದ ಮನೆಯಲ್ಲಿ ತಂಗದೆ ಹೋದವನು. ಕೊಟ್ಟವನು ಇವನೇ ಆಗಿರಬೇಕೆಂದೂ ಇಲ್ಲ. ಕನ್ನಡದಲ್ಲಿ "ಮಾಡಿದ" ಎಂಬುದು ವಾಕ್ಯವನ್ನು ಮುಗಿಸಲೂಬಹುದು, ಮುಂದಿನ ನಾಮಪದದ ಕೈ ಹಿಡಿಯಲೂಬಹುದು. ಯಾವುದು ಎಂದು ಹೇಳುವುದು ಅಕ್ಷರವಲ್ಲ, ನಿಲುಗಡೆ.

ಹಾಗೆಂದು ಪುಸ್ತಕದ ವಿರಾಮಗಳನ್ನೆಲ್ಲ ಬಿಟ್ಟು ಮನಸ್ಸಿಗೆ ಬಂದಂತೆ ಓದಿ ಎಂದು ನಾನು ಹೇಳುತ್ತಿಲ್ಲ. ವಚನ ಓದುವ ಮೊದಲು ಅದನ್ನು ಒಂದು ಕಾಗದದಲ್ಲಿ ವಿರಾಮಗಳಿಲ್ಲದೆ, ಸಾಲು ಮುರಿಯದೆ ಬರೆದುಕೊಳ್ಳಿ. ಮೂರು ಸಲ ಗಟ್ಟಿಯಾಗಿ ಓದಿ, ಉಸಿರು ತಾನಾಗಿ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿ. ಒಂದೇ ಬಗೆಯ ಮಾತು ಎಲ್ಲಿ ಮರುಕಳಿಸುತ್ತದೆ, ಆ ಅಚ್ಚು ಎಲ್ಲಿ ಮುರಿಯುತ್ತದೆ ಎಂದು ನೋಡಿ. ಮುರಿದಲ್ಲಿ ಅವಸರ ಮಾಡಬೇಡಿ, ಅಲ್ಲಿ ಏನೋ ಇದೆ. ಆಮೇಲೆ ಪುಸ್ತಕ ತೆಗೆದು ಹೋಲಿಸಿ. ಬಹುಪಾಲು ಸಂಪಾದಕರು ನಿಲ್ಲಿಸಿದಲ್ಲೇ ನೀವೂ ನಿಂತಿರುತ್ತೀರಿ. ಎಲ್ಲಿ ಬೇರೆಯಾಗಿದೆಯೋ ಅದನ್ನು ಈ ಗೋಷ್ಠಿಗೆ ತನ್ನಿ, ಕೂಡಿ ಮಾತಾಡೋಣ. ನಾವು ಈಗ ವಚನವನ್ನು ರಾಗಕ್ಕೆ ಹಚ್ಚಿ ಹಾಡುತ್ತೇವೆ, ಇಲ್ಲವೇ ಮಂತ್ರದಂತೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಎರಡರಲ್ಲೂ ಸಾಲಿನ ಒಳಗಿನ ನಿಲುಗಡೆಯೇ ಮೊದಲು ಸಾಯುತ್ತದೆ.

ತಿದ್ದಿದ ಷಟ್ಪದಿಯನ್ನು ಮರುವರ್ಷದ ಸ್ಮರಣೆಗೆ ಮೇಷ್ಟ್ರು ಓದಿದರು. "ಮಲಗಿದವ್ವನ ಕರೆದೆ" ಎಂದು ನಿಂತರು. ಆ ನಿಲುವಿನಲ್ಲಿ ನನ್ನ ಅಕ್ಕ ಸೆರಗನ್ನು ಬಾಯಿಗೆ ಹಿಡಿದಳು. ಪದ್ಯ ಮುಗಿದ ಮೇಲೆ ಅವಳು ಪದ್ಯದ ಬಗ್ಗೆ ಏನೂ ಹೇಳಲಿಲ್ಲ. "ತಮ್ಮಾ, ಅವತ್ತು ನೀ ಎರಡು ಸಲ ಕರದಿ. ನನಗ ನೆನಪೈತಿ" ಅಂದಳು.